ಸಸ್ಪೆನ್ಸ್ ಖಾತೆ ಸೊನ್ನೆಯಾದರೆ ಲೆಕ್ಕ ಸರಿಯಾಯಿತೇ?

ಕೈಬರಹದಲ್ಲೇ ಲೆಕ್ಕ ಇಡುವ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮಾರ್ಚ್ 31ಕ್ಕೆ ಲೆಡ್ಜರಿನ ಶಿಲ್ಕುಗಳನ್ನೆಲ್ಲ ತಾಳೆಪಟ್ಟಿಗೆ ತಂದು ಕೂಡಿದಾಗ ಡೆಬಿಟ್ ಕಡೆ 8,46,350 ರೂಪಾಯಿ ಬಂತು, ಕ್ರೆಡಿಟ್ ಕಡೆ 8,48,150. ಡೆಬಿಟ್‌ನಲ್ಲಿ 1,800 ರೂಪಾಯಿ ಕಡಿಮೆ.

ಲೆಕ್ಕಿಗರು ಮೊದಲು ಎರಡೂ ಕಡೆಯ ಮೊತ್ತವನ್ನು ಮತ್ತೆ ಕೂಡಿ ನೋಡುತ್ತಾರೆ. ಯಾವುದಾದರೂ ಖಾತೆಯ ಶಿಲ್ಕು ಪಟ್ಟಿಗೆ ಬಾರದೆ ಉಳಿದಿದೆಯೇ, ಹಿಂದಿನ ವರ್ಷದಿಂದ ಆರಂಭದ ಶಿಲ್ಕುಗಳು ಸರಿಯಾಗಿ ಬಂದಿವೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಎರಡು ಹಳೆಯ ಉಪಾಯಗಳಿವೆ. ವ್ಯತ್ಯಾಸದ ಅರ್ಧ, ಅಂದರೆ 900 ರೂಪಾಯಿಯ ನಮೂದು ಯಾವುದಾದರೂ ಖಾತೆಯಲ್ಲಿ ತಪ್ಪು ಬದಿಗೆ ಬಿದ್ದಿದೆಯೇ ಎಂದು ಹುಡುಕುವುದು ಒಂದು. ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ಎಂದು ನೋಡುವುದು ಇನ್ನೊಂದು. ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. 4,200ನ್ನು 2,400 ಎಂದು ಬರೆದರೆ ಬರುವ ವ್ಯತ್ಯಾಸವೂ 1,800ವೇ. ಆದರೆ ಈ ಎರಡು ಉಪಾಯಗಳೂ ಫಲಿಸುವುದು ತಪ್ಪು ಒಂದೇ ಆಗಿದ್ದಾಗ ಮಾತ್ರ. ನಮ್ಮ ಅಂಗಡಿಯಲ್ಲಿ ತಪ್ಪುಗಳು ಹಲವು. ಹಾಗಾಗಿ 1,800 ಎಂಬ ಮೊತ್ತ ಇಲ್ಲದ ತಪ್ಪಿನ ಕಡೆಗೆ ಬೆರಳು ತೋರಿಸುತ್ತದೆ.

ಹುಡುಕಾಟಕ್ಕೆ ಸಮಯ ಬೇಕು, ಲೆಕ್ಕಪತ್ರದ ಕೆಲಸ ಮುಂದುವರಿಯಲೂ ಬೇಕು. ಆಗ ಸಸ್ಪೆನ್ಸ್ ಖಾತೆಯೊಂದನ್ನು ತೆರೆದು, ಕಡಿಮೆ ಬಿದ್ದ ಬದಿಗೆ, ಅಂದರೆ ಡೆಬಿಟ್‌ಗೆ 1,800 ಹಾಕುತ್ತಾರೆ. ಪಟ್ಟಿ ತಾಳೆಯಾಗುತ್ತದೆ. ಇನ್ನು ಮುಂದೆ ಸಿಗುವ ತಪ್ಪುಗಳನ್ನು ಹೊಡೆದುಹಾಕಿ ತಿದ್ದುವಂತಿಲ್ಲ. ಪ್ರತಿಯೊಂದಕ್ಕೂ ಕಾರಣ ಬರೆದು ಜರ್ನಲ್ ನಮೂದು ಮಾಡಬೇಕು.

ಪುಸ್ತಕಗಳನ್ನು ಒಂದೊಂದಾಗಿ ಲೆಡ್ಜರಿನೊಂದಿಗೆ ಟಿಕ್ ಹಾಕುತ್ತಾ ಹೋದಾಗ ಮೊದಲು ಸಿಕ್ಕಿದ್ದು ವಿದ್ಯುತ್ ಬಿಲ್ಲು. ಕ್ಯಾಶ್ ಬುಕ್ಕಿನಲ್ಲಿ 640 ಎಂದು ಸರಿಯಾಗಿಯೇ ಇದೆ, ವಿದ್ಯುತ್ ಖಾತೆಯಲ್ಲಿ ಮಾತ್ರ 460 ಆಗಿದೆ. ಕಡಿಮೆಯಾದ 180ನ್ನು ವಿದ್ಯುತ್ ಖಾತೆಗೆ ಡೆಬಿಟ್ ಮಾಡಿ, ಸಸ್ಪೆನ್ಸ್ ಖಾತೆಗೆ ಕ್ರೆಡಿಟ್ ಮಾಡಿದರು.

ಎರಡನೆಯದು ಮಾರಾಟ ಪುಸ್ತಕದ್ದು. ಒಂದು ತಿಂಗಳ ಮೊತ್ತವನ್ನು 1,000 ರೂಪಾಯಿ ಹೆಚ್ಚಾಗಿ ಕೂಡಿದ್ದಾರೆ. ಗಿರಾಕಿಗಳ ಖಾತೆಗೆ ಪ್ರತಿ ಬಿಲ್ಲೂ ಬಿಡಿಬಿಡಿಯಾಗಿ ಹೋಗಿರುವುದರಿಂದ ಅಲ್ಲಿ ತಪ್ಪಿಲ್ಲ; ತಿಂಗಳ ಮೊತ್ತ ಹೋಗುವ ಮಾರಾಟ ಖಾತೆ ಮಾತ್ರ ಉಬ್ಬಿದೆ. ಆದ್ದರಿಂದ ಮಾರಾಟ ಖಾತೆಗೆ 1,000 ಡೆಬಿಟ್, ಸಸ್ಪೆನ್ಸ್‌ಗೆ ಕ್ರೆಡಿಟ್.

ಮೂರನೆಯದರಲ್ಲಿ ಹೊಸಬರು ಎಡವುತ್ತಾರೆ. ಗಿರಾಕಿಗೆ ಬಿಟ್ಟ 310 ರೂಪಾಯಿ ರಿಯಾಯಿತಿ ರಿಯಾಯಿತಿ ಖಾತೆಯ ಡೆಬಿಟ್ ಬದಿಗೆ ಹೋಗುವ ಬದಲು ಕ್ರೆಡಿಟ್ ಬದಿಗೆ ಹೋಗಿದೆ. 310 ಡೆಬಿಟ್ ಮಾಡಿದರೆ ತಪ್ಪು ನಮೂದು ಅಳಿಯುತ್ತದೆ ಅಷ್ಟೇ, ಸರಿಯಾದ ನಮೂದು ಇನ್ನೂ ಬಂದಿರುವುದಿಲ್ಲ. ಹಾಗಾಗಿ ಎರಡರಷ್ಟು, ಅಂದರೆ 620 ಡೆಬಿಟ್ ಮಾಡಬೇಕು. ಸಸ್ಪೆನ್ಸ್‌ಗೆ ಅಷ್ಟೇ ಕ್ರೆಡಿಟ್.

180, 1,000, 620 ಸೇರಿ 1,800 ಆಯಿತು. ಸಸ್ಪೆನ್ಸ್ ಖಾತೆ ಸೊನ್ನೆಗೆ ಬಂತು. ಇಲ್ಲಿಗೆ ಪುಸ್ತಕ ಮುಚ್ಚುವವರೇ ಹೆಚ್ಚು. ಆದರೆ ಟಿಕ್ ಹಾಕುವ ಕೆಲಸ ಮುಂದುವರಿಸಿದ್ದಕ್ಕೆ ನಾಲ್ಕನೆಯ ತಪ್ಪು ಸಿಕ್ಕಿತು. ಅಂಗಡಿಯ ಬಳಕೆಗೆಂದು ಕೊಂಡ 7,500 ರೂಪಾಯಿಯ ತೂಕದ ಯಂತ್ರವನ್ನು ಮಾರಲು ತಂದ ಸರಕಿನ ಜೊತೆ ಖರೀದಿ ಖಾತೆಗೆ ಬರೆದಿದ್ದರು. ಡೆಬಿಟ್ ಬದಿಗೇ ಹೋಗಿದೆ, ಮೊತ್ತವೂ ಸರಿ, ಖಾತೆ ಮಾತ್ರ ಬೇರೆ. ತಾಳೆಪಟ್ಟಿಗೆ ಇದು ಕಾಣುವುದೇ ಇಲ್ಲ. ಇದನ್ನು ಸರಿಪಡಿಸಲು ಸಸ್ಪೆನ್ಸ್ ಖಾತೆ ಬೇಡ: ಯಂತ್ರದ ಖಾತೆಗೆ ಡೆಬಿಟ್, ಖರೀದಿ ಖಾತೆಗೆ ಕ್ರೆಡಿಟ್. ತಪ್ಪು ಒಂದೇ ಬದಿಯನ್ನು ಕೆಡಿಸಿ ತಾಳೆ ತಪ್ಪಿಸಿದ್ದರೆ ಮಾತ್ರ ಸಸ್ಪೆನ್ಸ್ ಖಾತೆಯ ಮೊರೆ ಹೋಗಬೇಕು ಎಂಬುದೇ ಇಲ್ಲಿನ ಸೂತ್ರ.

ಲಾಭದ ಮೇಲೆ ಆಗುವ ಪರಿಣಾಮ ನೋಡಿ. ಮೊದಲ ಮೂರು ತಿದ್ದುಪಡಿಗಳಿಂದ ಲಾಭ ಒಟ್ಟು 1,800 ರೂಪಾಯಿ ಇಳಿಯುತ್ತದೆ. ತಾಳೆಪಟ್ಟಿ ಗುರುತಿಸದ ಒಂದೇ ತಪ್ಪನ್ನು ತಿದ್ದಿದ್ದರಿಂದ, ಯಂತ್ರದ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯುವ ಮೊದಲು, 7,500 ರೂಪಾಯಿ ಏರುತ್ತದೆ. ಈ ತಪ್ಪುಗಳು ಮುಂದಿನ ವರ್ಷ ಸಿಕ್ಕಿದ್ದರೆ ವಿದ್ಯುತ್, ಮಾರಾಟ, ರಿಯಾಯಿತಿ, ಖರೀದಿ ಖಾತೆಗಳು ಆಗಲೇ ಮುಚ್ಚಿಹೋಗಿರುತ್ತವೆ. ಹಳೆಯ ವರ್ಷದ ತಪ್ಪು ಹೊಸ ವರ್ಷದ ಲಾಭವನ್ನು ಕೆಡಿಸದಂತೆ, ಆ ಖಾತೆಗಳ ಬದಲು ಲಾಭ-ನಷ್ಟ ಹೊಂದಾಣಿಕೆ ಖಾತೆಯ ಮೂಲಕ ತಿದ್ದುತ್ತಾರೆ.

ಈಗಿನ ಲೆಕ್ಕದ ಸಾಫ್ಟ್‌ವೇರ್ ಎರಡೂ ಬದಿ ಸಮವಾಗದ ವೋಚರನ್ನು ಸ್ವೀಕರಿಸುವುದಿಲ್ಲ. ಹೀಗಾಗಿ ಮೊದಲ ಮೂರು ಬಗೆಯ ತಪ್ಪುಗಳು ಬಹುಮಟ್ಟಿಗೆ ಮರೆಯಾಗಿವೆ. ನಾಲ್ಕನೆಯದು ಮಾತ್ರ ಹಾಗೆಯೇ ಉಳಿದಿದೆ: ಯಂತ್ರವನ್ನು ಖರೀದಿ ಖಾತೆಗೆ ಹಾಕಿದರೆ ಕಂಪ್ಯೂಟರೂ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಅದನ್ನು ಹಿಡಿಯಬೇಕಾದರೆ ಖರೀದಿ ಮತ್ತು ರಿಪೇರಿ ಖಾತೆಗಳಲ್ಲಿ ದೊಡ್ಡ ಮೊತ್ತಗಳನ್ನು ಆರಿಸಿಕೊಂಡು, ಮೂಲ ಬಿಲ್ಲನ್ನು ಕೈಗೆತ್ತಿಕೊಂಡು ಏನು ಕೊಂಡದ್ದು ಎಂದು ಓದಲೇಬೇಕು.