ಉಪ್ಪಿನ ಜೊತೆ ಸಕ್ಕರೆ ಏಕೆ?

ಪ್ರಶ್ನೆ: ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಗೆಳತಿ ಕೋಶಪೊರೆಯ ಪಾಠ ಹೇಳಿಕೊಡುತ್ತ, "ಓಆರ್‌ಎಸ್‌ನಲ್ಲಿ ಸಕ್ಕರೆ ಇರೋದು ರುಚಿಗಲ್ಲ ಕಣೇ, ಉಪ್ಪು ಒಳಗೆ ಹೋಗೋಕೆ" ಎಂದಳು. "ಯಾಕೆ, ಉಪ್ಪು ತಾನಾಗೇ ಹೋಗಲ್ವಾ?" ಎಂದು ಕೇಳುವಷ್ಟರಲ್ಲಿ ಕರೆಂಟು ಹೋಯಿತು. ಉತ್ತರವೇನು?

ಕೋಶಪೊರೆ ಕೊಬ್ಬಿನ ಎರಡು ಪದರಗಳಿಂದಾಗಿದೆ. ವಿದ್ಯುದಾವೇಶ ಹೊತ್ತ ಸೋಡಿಯಂ ಅಯಾನು ಅದನ್ನು ತಾನಾಗಿ ದಾಟಲಾರದು. ಅದಕ್ಕೆ ಪ್ರೋಟೀನಿನ ದಾರಿ ಬೇಕು. ಸಣ್ಣ ಕರುಳಿನ ಕೋಶಗಳಲ್ಲಿರುವ ಅಂಥ ಒಂದು ಪ್ರೋಟೀನು ಎಸ್‌ಜಿಎಲ್‌ಟಿ1. ಸೀಟು ತುಂಬಿದ ಮೇಲಷ್ಟೇ ಹೊರಡುವ ಷೇರ್ ಆಟೋದಂತೆ, ಎರಡು ಸೋಡಿಯಂ ಮತ್ತು ಒಂದು ಗ್ಲೂಕೋಸ್ ಬಂದು ಕೂತಾಗಲೇ ಅದು ಒಳಮುಖವಾಗಿ ತೆರೆಯುತ್ತದೆ.

ಸೋಡಿಯಂ ಒಳನುಗ್ಗಲು ಕಾರಣ ಕೋಶದ ಇನ್ನೊಂದು ಬದಿಯಲ್ಲಿದೆ. ರಕ್ತದ ಕಡೆಯ ಪೊರೆಯಲ್ಲಿರುವ ಪಂಪು ಎಟಿಪಿ ಖರ್ಚು ಮಾಡಿ ಸೋಡಿಯಮನ್ನು ಸದಾ ಹೊರಹಾಕುತ್ತಿರುತ್ತದೆ. ಹಾಗಾಗಿ ಕೋಶದೊಳಗೆ ಸೋಡಿಯಂ ಯಾವಾಗಲೂ ಕಡಿಮೆ. ಹೀಗೆ ಕರುಳಿನಿಂದ ಉಪ್ಪು, ಗ್ಲೂಕೋಸ್ ಸಾಗಿದಂತೆ ನೀರೂ ಪರಾಸರಣದಿಂದ ಹಿಂಬಾಲಿಸುತ್ತದೆ.

ಕಾಲರಾ ವಿಷ ಕರುಳಿನಿಂದ ನೀರನ್ನು ಸುರಿಸಿದರೂ ಎಸ್‌ಜಿಎಲ್‌ಟಿ1 ವಾಹಕವನ್ನು ಕೆಡಿಸುವುದಿಲ್ಲ; ಓಆರ್‌ಎಸ್ ಜೀವ ಉಳಿಸುವುದು ಇದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇದೆ. ಅಕ್ಕರೆಯಿಂದ ಸಕ್ಕರೆ ಹೆಚ್ಚು ಸುರಿದರೆ, ಹೀರದೆ ಉಳಿದದ್ದು ನೀರನ್ನು ಕರುಳಿಗೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.