ರಾತ್ರಿ ಹನ್ನೆರಡು ದಾಟಿದರೆ ಫೇಲ್

ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಕೆಲಸ ಬಿಡುವಾಗ ಹಿಂದೆ ಬರುವವರಿಗಾಗಿ ಒಂದು ಹ್ಯಾಂಡೋವರ್ ನೋಟ್ ಬರೆದಿಡುತ್ತಾರೆ. ಯಾವ ಟೆಸ್ಟ್‌ಗಳಿವೆ, ಯಾವುದು ಕೈಕೊಡುತ್ತದೆ, ಯಾವ ದೋಷ ಇನ್ನೂ ಬಾಕಿ ಎಂಬ ಲೆಕ್ಕ ಅದು. ಹೆಚ್ಚಾಗಿ ಕೊನೆಯ ಎರಡು ದಿನಗಳಲ್ಲಿ, ಬೀಳ್ಕೊಡುಗೆ ಕೇಕ್ ಬರುವ ಹೊತ್ತಿಗೆ ತರಾತುರಿಯಲ್ಲಿ ತಯಾರಾಗುತ್ತದೆ. ಬಸ್ ಟಿಕೆಟ್ ಮಾರುವ ಕಂಪನಿಯೊಂದರಲ್ಲಿ ನನ್ನ ಕೈಗೆ ಬಂದ ನೋಟ್ ಕೂಡ ಹಾಗೇ ಇತ್ತು. ಅದರಲ್ಲಿನ ಒಂದು ಸಾಲು: ‘ಇವತ್ತಿನ ಬಸ್‌ಗಳ ಪಟ್ಟಿ – ಫ್ಲೇಕಿ. ಫೇಲ್ ಆದರೆ ಇನ್ನೊಮ್ಮೆ ರನ್ ಮಾಡಿ.’

ಕೋಡ್‌ನಲ್ಲಿ ಒಂದಕ್ಷರವೂ ಬದಲಾಗದೆ ಒಮ್ಮೆ ಪಾಸ್, ಇನ್ನೊಮ್ಮೆ ಫೇಲ್ ಆಗುವ ಟೆಸ್ಟ್‌ಗೆ ಫ್ಲೇಕಿ ಎನ್ನುತ್ತಾರೆ. ಇದು ಸಣ್ಣ ಕಂಪನಿಗಳ ಕಾಯಿಲೆಯೇನಲ್ಲ. ತಮ್ಮ ಟೆಸ್ಟ್‌ಗಳಲ್ಲಿ ಸುಮಾರು 16 ಶೇಕಡಾದಷ್ಟು ಒಂದಲ್ಲ ಒಂದು ಮಟ್ಟಿಗೆ ಫ್ಲೇಕಿ ಎಂದು ಗೂಗಲ್‌ನವರೇ 2016ರಲ್ಲಿ ಬರೆದುಕೊಂಡಿದ್ದರು. ನಾನೂ ತಿಂಗಳುಗಟ್ಟಲೆ ನೋಟ್‌ನ ಮಾತು ಪಾಲಿಸಿದೆ. ಬೆಳಿಗ್ಗೆ ಬಂದು ಕೆಂಪು ಕಂಡರೆ ಮತ್ತೆ ರನ್ ಮಾಡುವುದು, ಹಸಿರಾದ ಮೇಲೆ ಕಾಫಿಗೆ ಹೋಗುವುದು.

ಒಂದು ದಿನ ಬೇಸರಕ್ಕೆ, ಫೇಲ್ ಆದ ರಾತ್ರಿಗಳ ಸಮಯವನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. 12:08, 12:21, 12:14. ಹನ್ನೆರಡಕ್ಕೆ ಮೊದಲು ಒಂದೂ ಇಲ್ಲ! ನಮ್ಮ ರಿಗ್ರೆಷನ್ ಸೂಟ್, ಅಂದರೆ ಹಳೆಯದು ಯಾವುದೂ ಕೆಟ್ಟಿಲ್ಲವೆಂದು ನೋಡುವ ದೊಡ್ಡ ಟೆಸ್ಟ್ ಗುಂಪು, ರಾತ್ರಿ 11:15ಕ್ಕೆ ಶುರುವಾಗಿ ಎಪ್ಪತ್ತು ನಿಮಿಷ ಓಡುತ್ತಿತ್ತು. ನಾಲ್ಕು ಯಂತ್ರಗಳಿಗೆ ಕೆಲಸ ಹಂಚಿಹೋಗುವುದರಿಂದ ಟೆಸ್ಟ್‌ಗಳ ಸರದಿ ದಿನಕ್ಕೊಂದು ಥರ. ಬಸ್ ಪಟ್ಟಿಯ ಸರದಿ ಬೇಗ ಬಂದರೆ ಪಾಸ್, ತಡವಾದರೆ ಫೇಲ್. ಯಂತ್ರದಲ್ಲಿ ರಾತ್ರಿ 12:20ಕ್ಕೆ ಎರಡು ಕಮಾಂಡ್ ಕೊಟ್ಟು ನೋಡಿದೆ:

```
TZ=Asia/Kolkata date +%F   # 2022-03-15
TZ=UTC date +%F            # 2022-03-14
```

ಕಾರಣ ಅಲ್ಲೇ ಇತ್ತು. ನಮ್ಮ ಗಡಿಯಾರ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ನಮಗೆ ಹೊಸ ತಾರೀಖು, ಆ ಲೆಕ್ಕದಲ್ಲಿ ಇನ್ನೂ ಹಳೆಯದು. ಆ್ಯಪ್ ಭಾರತದ ತಾರೀಖಿನ ಬಸ್‌ಗಳನ್ನು ತೋರಿಸುತ್ತಿತ್ತು. ಜಾಗತಿಕ ಸಮಯದಲ್ಲಿದ್ದ ಟೆಸ್ಟ್ ಯಂತ್ರ ನಿನ್ನೆಯ ಬಸ್‌ಗಳನ್ನು ಹುಡುಕುತ್ತಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ನಾನು ಮತ್ತೆ ರನ್ ಮಾಡುವಾಗ ಎರಡೂ ತಾರೀಖು ಒಂದೇ ಆಗಿರುತ್ತಿದ್ದರಿಂದ ಪಾಸಾಗದೆ ಇನ್ನೇನು?

ತಪ್ಪು ಟೆಸ್ಟ್‌ನದ್ದೇ, ಸರಿ. ಆದರೆ ಅದೇ ನೋಟ್‌ನ ಬಾಕಿ ದೋಷಗಳ ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು: ‘ರೀಫಂಡ್ ಮೊತ್ತ ಒಮ್ಮೊಮ್ಮೆ ತಪ್ಪು. ಮತ್ತೆ ಕಾಣಿಸಲಿಲ್ಲ. ಮುಂದೂಡಲಾಗಿದೆ.’ ಈಗ ಆ ಸಾಲು ನನ್ನನ್ನೇ ದಿಟ್ಟಿಸಿದ ಹಾಗಾಯಿತು. ನಮ್ಮ ನಿಯಮದಂತೆ ಪ್ರಯಾಣದ ದಿನವೇ ರದ್ದು ಮಾಡಿದರೆ ಅರ್ಧ ಹಣ ಕಡಿತ, ಹಿಂದಿನ ದಿನವಾದರೆ ಹತ್ತು ಶೇಕಡಾ ಮಾತ್ರ. ರಾತ್ರಿ 12:40ಕ್ಕೆ, ಅಂದೇ ಹೊರಡಬೇಕಿದ್ದ 800 ರೂಪಾಯಿಯ ಟಿಕೆಟ್ ರದ್ದು ಮಾಡಿ ನೋಡಿದೆ. 400 ಬರಬೇಕಿದ್ದಲ್ಲಿ 720 ಬಂತು. ರೀಫಂಡ್ ಲೆಕ್ಕ ಹಾಕುವ ಸರ್ವರ್ ಕೂಡ ನಿನ್ನೆಯಲ್ಲೇ ಕುಳಿತಿತ್ತು. ಹೆಚ್ಚು ದುಡ್ಡು ಬಂತೆಂದು ಯಾವ ಪ್ರಯಾಣಿಕ ದೂರು ಕೊಡುತ್ತಾನೆ? ಹಗಲಿನಲ್ಲಿ ಪರೀಕ್ಷಿಸಿದವರಿಗೆ ಅದು ಮತ್ತೆ ಕಾಣಿಸದಿದ್ದುದೂ ಸಹಜವೇ.

ಬರೆದಿಟ್ಟು ಹೋದವರನ್ನು ದೂರುವುದಿಲ್ಲ, ಅವರಿಗೂ ಹಿಂದಿನವರಿಂದ ಇಷ್ಟೇ ಸಿಕ್ಕಿತ್ತು. ಆದರೆ ‘ಫ್ಲೇಕಿ’ ಎಂಬ ಒಂದು ಪದದ ಬದಲು ‘ಫೇಲ್ ಆದ ಕೊನೆಯ ಐದು ಸಲ ಗಂಟೆ ಎಷ್ಟಾಗಿತ್ತು, ಯಾವ ಯಂತ್ರ, ಪರದೆಯ ಮೇಲೆ ಏನಿತ್ತು, ನನ್ನ ಅನುಮಾನ ಏನು’ ಎಂದು ನಾಲ್ಕು ಸಾಲು ಇದ್ದಿದ್ದರೆ ನನಗೆ ತಿಂಗಳುಗಳು ಬೇಕಾಗುತ್ತಿರಲಿಲ್ಲ. ಬಾಕಿ ದೋಷಕ್ಕೂ ಅಷ್ಟೇ. ಅದನ್ನು ಮುಂದೂಡಿದವರು ಯಾರು, ಯಾವ ಕಾರಣಕ್ಕೆ, ಯಾವ ಹೊತ್ತಿನಲ್ಲಿ ಪರೀಕ್ಷಿಸಿ ಕಾಣಿಸಲಿಲ್ಲ ಎಂದರು ಎಂಬುದಿಲ್ಲದೆ ಆ ಸಾಲಿಗೆ ಬೆಲೆಯಿಲ್ಲ.

ನೋಟ್‌ನಲ್ಲಿ ಇಲ್ಲವೇ ಇಲ್ಲದ ಸಂಗತಿಯೂ ಒಂದಿತ್ತು. ಪರೀಕ್ಷೆಗೆಂದು ಮಾಡಿದ್ದ ಖಾತೆಗಳ ಓಟಿಪಿ ಹೋಗುತ್ತಿದ್ದುದು ಬಿಟ್ಟುಹೋದವರ ಸ್ವಂತ ಮೊಬೈಲ್‌ಗೆ. ಎರಡು ವಾರ ನಾನು ಅವರ ಹೊಸ ಆಫೀಸಿನ ಊಟದ ಬಿಡುವಿನಲ್ಲಿ ಫೋನ್ ಮಾಡಿ, ‘ಮೇಡಂ, ಒಂದು ಓಟಿಪಿ ಬಂದಿರಬೇಕು ನೋಡಿ’ ಎಂದು ಕೇಳುತ್ತಿದ್ದೆ.

ನೀವೀಗ ನೋಟಿಸ್ ಪೀರಿಯಡ್‌ನಲ್ಲಿದ್ದರೆ, ಕೊನೆಯ ದಿನಕ್ಕೆ ಒಂದು ವಾರ ಮೊದಲೇ ನಿಮ್ಮ ಜಾಗಕ್ಕೆ ಬರುವವರನ್ನು ಕೂರಿಸಿ, ಅವರ ಲ್ಯಾಪ್‌ಟಾಪ್‌ನಲ್ಲಿ, ಅವರದೇ ಲಾಗಿನ್‌ನಲ್ಲಿ, ನೋಟ್ ಒಂದನ್ನೇ ನೋಡಿಕೊಂಡು ಇಡೀ ಸೂಟ್ ರನ್ ಮಾಡಿಸಿ. ನೀವು ಕೀಬೋರ್ಡ್ ಮುಟ್ಟಬೇಡಿ. ಅವರು ಎಲ್ಲೆಲ್ಲಿ ತಲೆಯೆತ್ತಿ ನಿಮ್ಮ ಮುಖ ನೋಡುತ್ತಾರೋ ಅಲ್ಲೆಲ್ಲ ಒಂದು ಸಾಲು ಸೇರಿಸಿ.