ಮೊದಲು ಸಿಮ್, ಆಮೇಲೆ ಪಾಸ್‌ವರ್ಡ್

ಊರಿನ ಯುವಕ ಸಂಘದ ಖಾತೆಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಹೊರಡುವ ಮುನ್ನ ಇಮೇಲ್ ವಿಳಾಸ, ಪಾಸ್‌ವರ್ಡ್ ಬರೆದ ಚೀಟಿಯೊಂದನ್ನು ಹೊಸ ಕಾರ್ಯಕರ್ತೆಯ ಕೈಗಿಟ್ಟು ಹೋಗುತ್ತಾನೆ. ಆಕೆ ತನ್ನ ಮೊಬೈಲಿನಲ್ಲಿ ಜಿಮೇಲ್ ತೆರೆಯಲು ಹೊರಟರೆ ಪಾಸ್‌ವರ್ಡ್ ಸರಿಯಿದ್ದರೂ ಒಟಿಪಿ ಬೇಕೆನ್ನುತ್ತದೆ. ಒಟಿಪಿ ಹೋಗುವುದು ಹಳಬನ ನಂಬರಿಗೆ.

ಹಾಗಾಗಿ ಹಸ್ತಾಂತರದ ಟಿಪ್ಪಣಿ ಶುರುವಾಗಬೇಕಾದದ್ದು ಸಿಮ್‌ನಿಂದ. ಯಾವ ನಂಬರು, ಯಾರ ಹೆಸರಿನಲ್ಲಿದೆ, ರೀಚಾರ್ಜ್ ಯಾವಾಗ ಮುಗಿಯುತ್ತದೆ ಎಂಬುದು ಮೊದಲ ಸಾಲಿನಲ್ಲೇ ಇರಲಿ. ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ನಿಷ್ಕ್ರಿಯವಾದ ನಂಬರನ್ನು 90 ದಿನಗಳ ಬಳಿಕ ಕಂಪನಿಯವರು ಬೇರೊಬ್ಬರಿಗೆ ಕೊಡಬಹುದು. ಆಗ ಸಂಘದ ಒಟಿಪಿಗಳು ಅಪರಿಚಿತರ ಮೊಬೈಲಿಗೆ ಬರುತ್ತವೆ.

ಸಿಮ್ ಕೈಗೆ ಬಂದ ಮೇಲೆ ಇಮೇಲ್. ಜಿಮೇಲ್‌ನಲ್ಲಿ ರಿಕವರಿ ನಂಬರು ಮತ್ತು ರಿಕವರಿ ಇಮೇಲ್ ಬದಲಿಸಿ, ಎರಡು ಹಂತದ ಪರಿಶೀಲನೆಯ ಬ್ಯಾಕಪ್ ಕೋಡ್‌ಗಳನ್ನು ಹೊಸದಾಗಿ ಪಡೆಯಬೇಕು. ಒಮ್ಮೆಗೆ 10 ಕೋಡ್ ಸಿಗುತ್ತವೆ, ಪ್ರತಿಯೊಂದೂ ಒಂದೇ ಸಲಕ್ಕೆ. ಹೊಸ ಪಟ್ಟಿ ತೆಗೆದ ಕ್ಷಣ ಹಳೆಯದು ಕೆಲಸ ಮಾಡುವುದಿಲ್ಲ. ಹೊಸ ಪಟ್ಟಿಯನ್ನು ಮುದ್ರಿಸಿ ಲಕೋಟೆಯಲ್ಲಿ ಮುಚ್ಚಿ ಅಧ್ಯಕ್ಷರ ಬಳಿ ಇಟ್ಟರೆ ಸಾಕು. ಪಾಸ್‌ವರ್ಡ್‌ಗಳೂ ಆ ಲಕೋಟೆಯಲ್ಲೇ ಇರಲಿ. ಟಿಪ್ಪಣಿ ಹತ್ತು ಕೈ ದಾಟುವ ಕಾಗದ, ಅದರಲ್ಲಿ ಲಕೋಟೆ ಯಾರ ಬಳಿಯಿದೆ ಎಂದಷ್ಟೇ ಬರೆಯಬೇಕು.

ಫೇಸ್‌ಬುಕ್ ಪುಟಕ್ಕೆ ಪಾಸ್‌ವರ್ಡ್ ಹಂಚುವ ಅಗತ್ಯವೇ ಇಲ್ಲ. ಹಳಬ ಹೊಸಬಳ ಸ್ವಂತ ಪ್ರೊಫೈಲ್‌ಗೆ ಪೂರ್ಣ ನಿಯಂತ್ರಣ ಕೊಡುತ್ತಾನೆ, ಆಕೆ ಒಪ್ಪಿಕೊಳ್ಳುತ್ತಾಳೆ, ಆಮೇಲೆ ತಾನು ಹೊರಬರುತ್ತಾನೆ. ವಾಟ್ಸ್‌ಆ್ಯಪ್ ಗುಂಪಿಗೂ ಇದೇ ಕ್ರಮ: ಹೊಸ ಅಡ್ಮಿನ್ ಆದ ಮೇಲೆ ಹಳಬ ಹೊರಡಲಿ.

ನಿಜವಾದ ತೊಡಕಿರುವುದು ಹಣದಲ್ಲಿ. ಅಧ್ಯಕ್ಷ, ಖಜಾಂಚಿ ಇಬ್ಬರೂ ಸಹಿ ಮಾಡಬೇಕಾದ ಜಂಟಿ ಖಾತೆಗಳಿಗೆ ಸಾಮಾನ್ಯವಾಗಿ ಯುಪಿಐ ಸಿಗುವುದಿಲ್ಲ. ಹೀಗಾಗಿ ಹಬ್ಬದ ವಂತಿಗೆಗೆ ಪೆಂಡಾಲಿನ ಮುಂದೆ ಅಂಟಿಸುವ ಕ್ಯೂಆರ್ ಕೋಡ್ ಖಜಾಂಚಿಯ ಸ್ವಂತ ಖಾತೆಯದಾಗಿರುವ ಸಾಧ್ಯತೆ ಇದೆ. ಖಜಾಂಚಿ ಬದಲಾದರೂ ದೇವಸ್ಥಾನದ ಗೋಡೆಯ ಹಳೆಯ ಚೀಟಿ, ಕಳೆದ ವರ್ಷದ ಆಮಂತ್ರಣದ ಚಿತ್ರ ಹಾಗೇ ಉಳಿದು, ಹಣ ಅದೇ ಖಾತೆಗೆ ಹೋಗುತ್ತಲೇ ಇರುತ್ತದೆ. ಯಾರೂ ಮೋಸ ಮಾಡದೆಯೇ ಲೆಕ್ಕ ತಪ್ಪುತ್ತದೆ, ಪ್ರಾಮಾಣಿಕನೊಬ್ಬನ ಮೇಲೆ ಊರು ಅನುಮಾನಪಡುತ್ತದೆ. ಇದು ದುಡ್ಡು ಹೋದುದಕ್ಕಿಂತ ದೊಡ್ಡ ನಷ್ಟ.

ಪರೀಕ್ಷೆ ಸುಲಭ. ಊರಲ್ಲಿರುವ ಪ್ರತಿಯೊಂದು ಕೋಡನ್ನೂ ಸ್ಕ್ಯಾನ್ ಮಾಡಿ, ಹಣ ಕಳಿಸುವ ಮೊದಲು ಪರದೆಯಲ್ಲಿ ಮೂಡುವ ಹೆಸರು ಓದಬೇಕು. ಹೆಸರು ಸರಿಯಿದ್ದರೆ ಒಂದು ರೂಪಾಯಿ ಹಾಕಿ, ಪಾಸ್‌ಬುಕ್ಕಿನಲ್ಲಿ ಅದು ಬಂದಿದೆಯೇ ನೋಡಬೇಕು. ಬ್ಯಾಂಕಿನಲ್ಲಿ ಸಹಿದಾರರ ಬದಲಾವಣೆಗೆ ಸಭೆಯ ನಿರ್ಣಯದ ಪ್ರತಿ, ಹೊಸಬರ ಕೆವೈಸಿ ದಾಖಲೆಗಳು ಬೇಕಾಗುತ್ತವೆ. ಇದಕ್ಕೆ ದಿನಗಳು ಹಿಡಿಯುವುದರಿಂದ ನಿರ್ಣಯವನ್ನು ಬೇಗ ಬರೆಯುವುದು ಒಳ್ಳೆಯದು.

ಹಳಬರು ಊರು ಬಿಡುವ ಮುನ್ನ ಇಬ್ಬರೂ ಒಟ್ಟಿಗೆ ಕೂತು, ಹೊಸಬರ ಮೊಬೈಲಿನಿಂದಲೇ ಪ್ರತಿ ಖಾತೆಗೂ ಒಮ್ಮೆ ಲಾಗಿನ್ ಆಗಿ ನೋಡಿ. ಆಮೇಲೆ ಟಿಪ್ಪಣಿಗೆ ಸಹಿ ಹಾಕಿ.